ಚಕ್ರದ ಜಾಡಿನಲ್ಲಿ ಕುಸಿಯುವ ಪೇವರ್ ಬ್ಲಾಕ್: ತಪ್ಪು ಯಾವ ಪದರದಲ್ಲಿದೆ ಅಂತ ಪತ್ತೆ ಮಾಡುವುದು

ತುಮಕೂರಿನಲ್ಲಿ ನಮ್ಮ ಅಕ್ಕನ ಮನೆಗೆ ಗೇಟಿನಿಂದ ಪೋರ್ಟಿಕೋವರೆಗೆ ಇಂಟರ್‌ಲಾಕ್ ಬ್ಲಾಕ್ ಹಾಸಿದ್ದಾರೆ. 8 ಮೀಟರ್ ಉದ್ದ, 3.6 ಮೀಟರ್ ಅಗಲ. 60 ಮಿ.ಮೀ. ದಪ್ಪದ ಜಿಗ್‌ಜಾಗ್ ಬ್ಲಾಕ್. ಬಲಕ್ಕೆ ಕಾಂಪೌಂಡ್ ಗೋಡೆ, ಎಡಕ್ಕೆ ದಾಸವಾಳ, ಮಲ್ಲಿಗೆ ಇರುವ ಹೂವಿನ ಪಾತಿ. ಹಾಸಿದ ಮೊದಲ ಮಳೆಗಾಲದಲ್ಲೇ ಎಡಗಡೆ ಚಕ್ರ ಹೋಗುವ ಜಾಗ ತಗ್ಗಾಯಿತು. ಹಾಕಿದವರನ್ನು ಕರೆಸಿದರು. ಅವರು ಬ್ಲಾಕ್ ಎತ್ತಿ, ಒಂದೆರಡು ಬಾಂಡ್ಲಿ ಮರಳು ಸುರಿದು, ತಟ್ಟಿ ಹೋದರು. ನಾಲ್ಕು ತಿಂಗಳಿಗೆ ಮತ್ತೆ ತಗ್ಗು. ಮತ್ತೆ ಮರಳು. ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಮೂರನೇ ಸಲ ಅದೇ ಜಾಗ, ಅಷ್ಟೇ ಆಳ. ಆಗ ಅಕ್ಕ ಫೋನ್ ಮಾಡಿದಳು: "ಲೋ, ಸೈಟ್ ಕೆಲಸ ಮಾಡ್ತೀನಿ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತೀಯ, ನಮ್ಮನೆಗೂ ಒಂದ್ಸಲ ಬಂದು ನೋಡೋ."

ಅಲ್ಲಿ ನೋಡಿದ್ದನ್ನು, ಅಳೆದದ್ದನ್ನು, ಆಮೇಲೆ ಮಾಡಿದ್ದನ್ನು ನೋಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಮನೆಯ ತಗ್ಗು ಬೇರೆ ಥರ ಇರಬಹುದು, ಆದರೆ ನೋಡುವ ರೀತಿ ಇದೇ.

ಬ್ಲಾಕ್ ಎತ್ತುವ ಮುಂಚೆ

ತಗ್ಗು ಕಾಣುವುದು ಮೇಲೆ. ಅದರ ಕಾರಣ ಕೆಳಗಿನ ಮೂರು ಪದರಗಳಲ್ಲಿ ಒಂದರಲ್ಲೋ, ಪಕ್ಕದ ಅಂಚಿನಲ್ಲೋ ಇರುತ್ತದೆ. ಬ್ಲಾಕಿನ ಕೆಳಗೆ ಸುಮಾರು ಒಂದು ಇಂಚು ಮರಳಿನ ಹಾಸು. ಅದರ ಕೆಳಗೆ ದಮ್ಮಸು ಮಾಡಿದ ಜೆಲ್ಲಿ. ಅದರ ಕೆಳಗೆ ತಳದ ಮಣ್ಣು. ಬ್ಲಾಕುಗಳು ಸಂದಿನ ಮರಳಿನಿಂದ ಒಂದಕ್ಕೊಂದು ಬಿಗಿದಿರುತ್ತವೆ. ಹಾಗಾಗಿ ಒಂದು ಬ್ಲಾಕಿನ ಮೇಲೆ ಚಕ್ರ ನಿಂತಾಗ ಆ ಭಾರವನ್ನು ಸುತ್ತಲಿನವು ಹಂಚಿಕೊಳ್ಳುತ್ತವೆ. ಈ ಬಿಗಿ ನಿಲ್ಲಬೇಕಾದರೆ ಅಂಚಿನಲ್ಲಿ ಜರುಗದ ಕಲ್ಲು ಬೇಕು. ಅಂಚು ಸ್ವಲ್ಪ ಸರಿದರೂ ಸಂದುಗಳು ಬಾಯಿ ಬಿಡುತ್ತವೆ, ಮರಳು ಇಳಿದುಹೋಗುತ್ತದೆ. ಆಮೇಲೆ ಒಂದೊಂದು ಬ್ಲಾಕೂ ಒಂಟಿಯಾಗಿ ಭಾರ ಹೊರಬೇಕಾಗುತ್ತದೆ.

ಆದ್ದರಿಂದ ಮೊದಲು ತಗ್ಗಿನ ಆಕಾರ ನೋಡುತ್ತೇನೆ. ಚಕ್ರದ ಜಾಡಿನಲ್ಲೇ ಉದ್ದಕ್ಕೆ ಇದ್ದರೆ ಭಾರ ತಡೆಯದೆ ಕುಸಿದದ್ದು. ಜಾಡನ್ನು ಅಡ್ಡಲಾಗಿ ದಾಟಿ ಒಂದು ಗೆರೆಯಂತೆ ಹೋಗಿದ್ದರೆ ಅದರ ಕೆಳಗೆ ಒಳಚರಂಡಿ ಪೈಪೋ ನೀರಿನ ಪೈಪೋ ಇರುತ್ತದೆ. ಅಗೆದ ಕಾಲುವೆಗೆ ಮಣ್ಣನ್ನು ಸುಮ್ನೆ ತಳ್ಳಿ ಮುಚ್ಚಿರುತ್ತಾರೆ. ನಮ್ಮ ಕಡೆ ಸಂಪನ್ನು ಪೋರ್ಟಿಕೋ ಮುಂದೆಯೇ ಕಟ್ಟುವ ರೂಢಿ ಅಲ್ವಾ, ಅದರ ಗೋಡೆ ಗುಂಟ ಕುಸಿದಿದ್ದರೂ ಇದೇ ಕಥೆ. ದುಂಡಗೆ, ಆಳವಾಗಿ, ಒಂದೇ ರಾತ್ರಿಯಲ್ಲಿ ಆದ ಗುಂಡಿ ಕಂಡರೆ ಮೊದಲು ಹೆಗ್ಗಣದ ಬಿಲ ಹುಡುಕಿ. ನಗಬೇಡಿ, ಚರಂಡಿ ಪಕ್ಕದ ಮನೆಗಳಲ್ಲಿ ನಾನೇ ಎರಡು ಕಡೆ ಕಂಡಿದ್ದೇನೆ.

ಅಕ್ಕನ ಮನೆಯದು ಚಕ್ರದ ಜಾಡು. ಗೇಟಿನಿಂದ ಒಂದೂವರೆ ಮೀಟರ್ ಒಳಗೆ ಶುರುವಾಗಿ ಎರಡು ಮೀಟರಿನಷ್ಟು ಉದ್ದ, ಒಂದೂವರೆ ಅಡಿ ಅಗಲ. ಎಡ ಜಾಡು ಮಾತ್ರ. ಅದೇ ಕಾರು, ಅದೇ ಬ್ಲಾಕು, ಆದರೆ ಬಲ ಜಾಡು ಚೆನ್ನಾಗಿಯೇ ಇತ್ತು. ಆ ಕಡೆ ಏನಿದೆ, ಈ ಕಡೆ ಏನಿಲ್ಲ ಎಂದು ಹೋಲಿಸುವುದಕ್ಕೆ ಆಯಿತು.

ಒಂದು ಪ್ರಶ್ನೆ ಕೇಳಲೇಬೇಕಿತ್ತು: "ಅಕ್ಕ, ನೀರಿನ ಟ್ಯಾಂಕರ್ ಒಳಗೆ ಬರುತ್ತಾ?" 6,000 ಲೀಟರ್ ಟ್ಯಾಂಕರ್ ಅಂದರೆ ನೀರಿನದೇ 6 ಟನ್ ಭಾರ, ಲಾರಿಯದು ಬೇರೆ. 60 ಮಿ.ಮೀ. ಬ್ಲಾಕನ್ನು, ಪೇವರ್ ಬ್ಲಾಕಿನ ಭಾರತೀಯ ಮಾನದಂಡವಾದ ಐಎಸ್ 15658ರ 2006ರ ಆವೃತ್ತಿ ಹಗುರ ವಾಹನಗಳಿಗೆ ಅಂತಲೇ ಇಟ್ಟಿತ್ತು. ಟ್ಯಾಂಕರ್ ಹಿಂದಕ್ಕೆ ತಗೊಂಡು ಒಳಗೆ ಬರುವ ಮನೆಗೆ 80 ಮಿ.ಮೀ. ಬ್ಲಾಕೂ ದಪ್ಪ ಜೆಲ್ಲಿಯೂ ಬೇಕು. ಅಕ್ಕನ ಮನೆಗೆ ಟ್ಯಾಂಕರ್ ರಸ್ತೆಯಲ್ಲೇ ನಿಂತು ಪೈಪ್ ಎಳೆಯುತ್ತದಂತೆ. ಸರಿ, ಆ ಅನುಮಾನ ಹೋಯಿತು.

ದಾರ, ಟ್ಯೂಬು, ಒಂದು ಬಕೆಟ್ ನೀರು

ತಗ್ಗಿನ ಎರಡು ತುದಿಯಲ್ಲಿ ಗಟ್ಟಿ ಇರುವ ಬ್ಲಾಕುಗಳ ಮೇಲೆ ದಾರ ಬಿಗಿಯಾಗಿ ಹಿಡಿಸಿ, ನಡುವೆ ಸ್ಕೇಲ್ ಇಟ್ಟು ಅಳೆದೆ. ತೀರಾ ಆಳ ಇದ್ದ ಕಡೆ 28 ಮಿ.ಮೀ. ಮೂರು ಮೀಟರ್ ದಾರದ ಕೆಳಗೆ 8–10 ಮಿ.ಮೀ. ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದು ಇಂಚು ದಾಟಿತು ಅಂದರೆ ಕೆಳಗೆ ಏನೋ ಆಗಿದೆ.

ಆಮೇಲೆ ಸಂದುಗಳು. ಬಲಗಡೆ ಸಂದು 3 ಮಿ.ಮೀ. ಇತ್ತು. ಅದು ಸರಿಯಾದ ಅಳತೆ, 2ರಿಂದ 4ರೊಳಗೆ ಇರಬೇಕು. ಎಡಗಡೆ ತಗ್ಗಿನಿಂದ ಪಾತಿಯ ಕಡೆಗೆ ಹೋದಂತೆ ಸಂದು ಅಗಲವಾಗುತ್ತಾ ಹೋಗಿ, ಅಂಚಿನ ಹತ್ತಿರ 7–8 ಮಿ.ಮೀ. ಆಗಿತ್ತು. ಕೀಲಿಕೈ ತೂರಿಸಿದರೆ ಪೂರ್ತಿ ಇಳಿಯಿತು. ಒಳಗೆ ಮರಳೇ ಇಲ್ಲ. ಅಂಚಿನ ಕರ್ಬ್ ಕಲ್ಲಿಗೆ ರಸಮಟ್ಟ ಹಿಡಿದರೆ ಅದು ಪಾತಿಯ ಕಡೆಗೆ ವಾಲಿತ್ತು. ದಾರ ಹಿಡಿದು ನೋಡಿದರೆ ನಡುವಿನ ಮೂರು ಕಲ್ಲು ಸಾಲಿನಿಂದ ಅರ್ಧ ಇಂಚು ಹೊರಗೆ.

ಇದು ಮುಖ್ಯ ಸುಳಿವು. ಬರೀ ಜೆಲ್ಲಿಯೋ ಮಣ್ಣೋ ಕುಸಿದಿದ್ದರೆ ಬ್ಲಾಕು ಕೆಳಗಿಳಿಯುತ್ತದೆ, ಸಂದುಗಳು ಬಿಗಿಯಾಗಿಯೇ ಇರುತ್ತವೆ. ಎಷ್ಟೋ ಸಲ ತಗ್ಗಿನಲ್ಲಿ ಬ್ಲಾಕಿನ ಮೇಲಂಚುಗಳು ಒಂದಕ್ಕೊಂದು ಒತ್ತಿ ಚಕ್ಕೆ ಎದ್ದಿರುತ್ತವೆ. ಸಂದು ಬಿಟ್ಟುಕೊಂಡು ಅಂಚಿನ ಕಡೆಗೆ ಜಾಸ್ತಿಯಾಗುತ್ತಿದ್ದರೆ ಅಂಚು ಸರಿದಿದೆ ಅಂತ ಅರ್ಥ. ಇಲ್ಲಿ ಕುಸಿತವೂ ಇತ್ತು, ಸರಿದದ್ದೂ ಇತ್ತು. ಯಾವುದು ಮೊದಲು ಅನ್ನುವುದು ತಿಳಿಯಲು ಕೆಳಗೆ ನೋಡಲೇಬೇಕು.

ಅದಕ್ಕೂ ಮುಂಚೆ ವಾಟ, ಅಂದರೆ ನೀರು ಹರಿದುಹೋಗಲು ಕೊಡುವ ಇಳಿಜಾರು. ಟ್ಯೂಬ್ ಲೆವೆಲ್‌ಗೆ ನೀರು ತುಂಬಿ, ಗುಳ್ಳೆ ಇಲ್ಲ ಅಂತ ನೋಡಿಕೊಂಡು, ಪೋರ್ಟಿಕೋ ಅಂಚಿನಿಂದ ಗೇಟಿನವರೆಗೆ ಅಳೆದೆವು. ಅಳೆದದ್ದು ಬಲಗಡೆ, ಕುಸಿಯದ ಜಾಡಿನಲ್ಲಿ. ಕುಸಿದ ಜಾಗದಲ್ಲಿ ವಾಟ ಅಳೆದರೆ ಕುಸಿತವನ್ನೇ ಅಳೆದಂತೆ. ಒಟ್ಟು ಇಳಿಜಾರು 8 ಮೀಟರಿಗೆ 130 ಮಿ.ಮೀ. ಮೀಟರಿಗೆ 20 ಮಿ.ಮೀ. ವಾಟ ಬೇಕು ಅಂದುಕೊಂಡರೆ 160 ಆಗಬೇಕಿತ್ತು. ಸ್ವಲ್ಪ ಕಡಿಮೆ, ಆದರೆ ಅದಕ್ಕಿಂತ ಕೆಟ್ಟ ಸುದ್ದಿ ಬೇರೆ ಇತ್ತು. ಆ 130ರಲ್ಲಿ 95 ಮೇಲಿನ ನಾಲ್ಕು ಮೀಟರಿನಲ್ಲೇ ಖರ್ಚಾಗಿತ್ತು. ನಂತರದ ಎರಡೂವರೆ ಮೀಟರಿನಲ್ಲಿ ಇಳಿದದ್ದು ಬರೀ 10. ಉಳಿದ 25 ಗೇಟಿನ ಹತ್ತಿರ. ಅಂದರೆ ತಗ್ಗು ಬಿದ್ದ ಜಾಗ ಮೊದಲಿನಿಂದಲೂ ಹೆಚ್ಚುಕಡಿಮೆ ಸಪಾಟು. ಮೇಲಿನಿಂದ ಓಡಿ ಬಂದ ನೀರು ಸರಿಯಾಗಿ ಅಲ್ಲೇ ನಿಧಾನವಾಗುತ್ತದೆ.

ಒಂದು ಬಕೆಟ್ ನೀರನ್ನು ಪೋರ್ಟಿಕೋ ಹತ್ತಿರ ಸುರಿದು ನೋಡಿದೆ. ಎಡ ಅಂಚಿಗೆ ಸೇರಿಕೊಂಡು ಬಂತು, ತಗ್ಗಿನ ಬಳಿ ನಿಂತಿತು, ನೋಡ್ತಾ ನೋಡ್ತಾ ಸಂದುಗಳೊಳಗೆ ಇಳಿಯಿತು. ಒಂದು ಹನಿಯೂ ಗೇಟು ತಲುಪಲಿಲ್ಲ. ಆಗ ತಲೆ ಎತ್ತಿ ನೋಡಿದರೆ, ಪೋರ್ಟಿಕೋ ಮಾಳಿಗೆಯ ಮಳೆನೀರಿನ ಪೈಪು ನೇರವಾಗಿ ಎಡ ಅಂಚಿನ ಬ್ಲಾಕಿನ ಮೇಲೆ ಬಿಡಲಾಗಿತ್ತು. ಬಲ ಜಾಡಿಗೆ ಇಲ್ಲದ್ದು ಏನು ಅನ್ನುವುದಕ್ಕೆ ಎರಡು ಉತ್ತರ ಸಿಕ್ಕವು: ಮಾಳಿಗೆ ನೀರು ಮತ್ತು ವಾಲಿದ ಅಂಚು.

ಕಿಟಕಿ ತೆರೆದು ನೋಡಿದಾಗ

ಇಲ್ಲಿಯವರೆಗೆ ಬ್ಲಾಕ್ ಎತ್ತಿಲ್ಲ. ಈಗ ಎರಡು ಕಡೆ ಎತ್ತಬೇಕು. ಒಂದು ತಗ್ಗಿನ ನಡುವೆ, ಇನ್ನೊಂದು ಅದೇ ಜಾಡಿನಲ್ಲಿ ಕುಸಿಯದೆ ಉಳಿದ ಜಾಗದಲ್ಲಿ. ಬರೀ ತಗ್ಗಿನಲ್ಲಿ ತೆಗೆದರೆ ಕಂಡದ್ದು ಸರಿಯೋ ತಪ್ಪೋ ಹೇಳುವುದಕ್ಕೆ ಹೋಲಿಕೆ ಇರುವುದಿಲ್ಲ. ಮೊದಲ ಬ್ಲಾಕ್ ಎತ್ತುವುದು ಕಷ್ಟ. ಎರಡು ಚಪ್ಪಟೆ ಸ್ಕ್ರೂ ಡ್ರೈವರನ್ನು ಎದುರುಬದುರು ಸಂದಿಗೆ ಹಾಕಿ ಅಲ್ಲಾಡಿಸುತ್ತಾ ಎತ್ತಬೇಕು. ಬರಲೇ ಇಲ್ಲ ಅಂದರೆ ಒಂದನ್ನು ಒಡೆದುಬಿಡಿ, ಉಳಿದವು ಕೈಯಲ್ಲೇ ಬರುತ್ತವೆ.

ಮೇಸ್ತ್ರಿ ಅಣ್ಣನನ್ನು ನಾನೇ ಕರೆದುಕೊಂಡು ಹೋಗಿದ್ದೆ, ಹಳಬರು. ತಗ್ಗಿನಲ್ಲಿ ಆರು ಬ್ಲಾಕ್ ತೆಗೆದು ಮರಳಿಗೆ ಕೈ ಹಾಕಿದವರೇ ಹೇಳಿದರು: "ಈ ನೆಲ ಮರಳು ಕುಡೀತದೆ ಸಾರ್."

ದಾರವನ್ನು ಮೊದಲಿನ ಜಾಗದಲ್ಲೇ ಬಿಟ್ಟು, ಅದರಿಂದ ಕೆಳಕ್ಕೆ ಒಂದೊಂದೇ ಪದರ ಅಳೆದೆವು. ಎಲ್ಲ ಅಳತೆಯೂ ದಾರದಿಂದಲೇ ಇರಬೇಕು, ಇಲ್ಲದಿದ್ದರೆ ಲೆಕ್ಕ ಕೂಡುವುದಿಲ್ಲ.

ಚೆನ್ನಾಗಿದ್ದ ಕಡೆ ಬ್ಲಾಕು 60, ಮರಳು 35. ಹಾಗಾದರೆ ಜೆಲ್ಲಿಯ ಮೇಲ್ಮೈ ದಾರದಿಂದ 95 ಮಿ.ಮೀ. ಕೆಳಗೆ. ಜೆಲ್ಲಿ 140 ದಪ್ಪ. ಮಣ್ಣು ದಾರದಿಂದ 235 ಕೆಳಗೆ.

ತಗ್ಗಿನಲ್ಲಿ ಬ್ಲಾಕೇ ದಾರದಿಂದ 28 ಕೆಳಗೆ. ಬ್ಲಾಕು 60, ಮರಳು 62. ಜೆಲ್ಲಿಯ ಮೇಲ್ಮೈ 150 ಕೆಳಗೆ. ಜೆಲ್ಲಿ ದಪ್ಪ 100 ಮಾತ್ರ. ಮಣ್ಣು 250 ಕೆಳಗೆ.

ಈಗ ಹೋಲಿಸಿ. ಎರಡು ಕಡೆಯ ಮಣ್ಣಿನ ಮಟ್ಟಕ್ಕೆ ವ್ಯತ್ಯಾಸ 15 ಮಿ.ಮೀ. ಮಣ್ಣನ್ನು ಮೊದಲು ಸಮವಾಗಿಯೇ ಅಗೆದಿದ್ದರು ಅಂದುಕೊಂಡರೆ ಅಷ್ಟು ಮಣ್ಣು ಒತ್ತಿಕೊಂಡು ಇಳಿದಿದೆ. ಆದರೆ ಜೆಲ್ಲಿಯ ಮೇಲ್ಮೈಗೆ ವ್ಯತ್ಯಾಸ 55. ಅದರಲ್ಲಿ 15 ಕಳೆದರೆ ಉಳಿದ 40 ಕುಸಿತವಲ್ಲ, ಅಲ್ಲಿ ಜೆಲ್ಲಿಯನ್ನೇ 40 ಮಿ.ಮೀ. ಕಡಿಮೆ ಹಾಕಿದ್ದರು. ಹಾಸುವ ದಿನ ಆ ಹಳ್ಳವನ್ನು ಮರಳಿನಿಂದ ತುಂಬಿ ಮಟ್ಟ ಮಾಡಿದ್ದಾರೆ. ಅಂದರೆ ಅಂದು ಅಲ್ಲಿ ಮರಳು 35ರ ಜಾಗದಲ್ಲಿ 75 ಮಿ.ಮೀ. ಇತ್ತು. ಈಗ 62 ಇದೆ. 13 ಹೋಗಿದೆ. ಮಣ್ಣಿನ 15, ಮರಳಿನ 13, ಒಟ್ಟು 28. ದಾರ ತೋರಿಸಿದ್ದೂ ಅಷ್ಟೇ.

ಲೆಕ್ಕ ಕೂಡಿತಲ್ಲ ಅಂತ ಖುಷಿಪಡುವಾಗ ಮೇಸ್ತ್ರಿ ನೆನಪಿಸಿದರು, ನಡುವೆ ಎರಡು ಸಲ ಮರಳು ಸುರಿದಿದ್ದಾರೆ. ಹೌದಲ್ವಾ. ಪ್ರತಿ ಸಲವೂ ಒಂದು ಇಂಚಿನ ಹತ್ತಿರ ತುಂಬಿದ್ದಾರೆ ಅಂದರೆ ನಿಜವಾಗಿ ಹೋದದ್ದು 13 ಅಲ್ಲ, 60ರ ಆಸುಪಾಸು. ಅಷ್ಟು ಮರಳು ಎಲ್ಲಿ ಹೋಯಿತು?

ಮರಳು ಹೋದ ದಾರಿ

ನನಗೆ ಮೊದಲು ಅನುಮಾನ ಬಂದದ್ದು ಮರಳಿನ ಮೇಲೇ. ಈಗ ಎಲ್ಲರೂ ಎಂ-ಸ್ಯಾಂಡ್ ಹಾಕುತ್ತಾರೆ. ತೊಳೆಯದ ಎಂ-ಸ್ಯಾಂಡಿನಲ್ಲೋ ಕ್ರಷರ್ ಡಸ್ಟಿನಲ್ಲೋ ಹಿಟ್ಟಿನಂಥ ಪುಡಿ ಜಾಸ್ತಿ ಇದ್ದರೆ ಅದು ನೀರು ಹಿಡಿದುಕೊಂಡು ರಾಡಿಯಾಗುತ್ತದೆ. ಚಕ್ರ ಒತ್ತಿದಾಗ ಸಂದಿನಿಂದ ಮೇಲಕ್ಕೆ ಚಿಮ್ಮುತ್ತದೆ. ಹಾಗಾಗಿದ್ದರೆ ಮಳೆ ಬಿಟ್ಟ ಮೇಲೆ ಸಂದುಗಳ ಸುತ್ತ ಬೂದು ಕೆಸರಿನ ಕಲೆ ಒಣಗಿರುತ್ತದೆ. ಇಲ್ಲಿ ಅಂಥ ಕಲೆ ಇರಲಿಲ್ಲ. ಆದರೂ ಖಾತ್ರಿಗೆ ನೀರಿನ ಬಾಟಲಿಗೆ ಅರ್ಧದಷ್ಟು ಮರಳು, ಮೇಲೆ ನೀರು ಹಾಕಿ ಕುಲುಕಿ ಇಟ್ಟೆವು. ಮೂರು ಗಂಟೆ ಬಿಟ್ಟು ನೋಡಿದರೆ ಮರಳಿನ ಮೇಲೆ ತೆಳ್ಳಗೆ ಒಂದು ಪೊರೆ ಕೂತಿತ್ತು, ಅಷ್ಟೇ. ಪೊರೆ ಮರಳಿನ ಎತ್ತರದ ಇಪ್ಪತ್ತನೇ ಒಂದು ಪಾಲು ದಾಟಿದರೆ ಆ ಮರಳನ್ನು ನಾನು ಬ್ಲಾಕಿನ ಕೆಳಗೆ ಹಾಸಲು ಬಳಸುವುದಿಲ್ಲ. ಇದು ಪಾಸಾಯಿತು. ತಪ್ಪು ಮರಳಿನದಲ್ಲ.

ಜೆಲ್ಲಿಯನ್ನು ಹಾರೆಯಿಂದ ಮೀಟಿದಾಗ ವಿಷಯ ಬಯಲಾಯಿತು. ಅದು 40 ಎಂ.ಎಂ. ಜೆಲ್ಲಿ. ಬರೀ ಅದೇ. ನಡುವೆ ಸಣ್ಣ ಜೆಲ್ಲಿಯೂ ಇಲ್ಲ, ಡಸ್ಟೂ ಇಲ್ಲ. ಕಲ್ಲುಗಳ ನಡುವಿನ ಪೊಳ್ಳಿನಲ್ಲಿ ಬ್ಲಾಕಿನ ಕೆಳಗಿನ ಮರಳು ಇಳಿದು ಕೂತಿತ್ತು. ಇನ್ನೂ ಕೆಳಗೆ ಕೆಂಪು ಕೆಸರು ಮೇಲಕ್ಕೆ ಹತ್ತಿತ್ತು. ಬುಡದ ಒಂದು ಇಂಚು ಜೆಲ್ಲಿ ಮಣ್ಣಿನೊಳಗೇ ಹೂತುಹೋಗಿತ್ತು. ಮಳೆ ಬಿಟ್ಟು ವಾರ ಆಗಿದ್ದರೂ ಅಲ್ಲಿ ಪಸೆ. ಹಿಮ್ಮಡಿ ಊರಿದರೆ ಅಚ್ಚು ಬೀಳುವಷ್ಟು ಮೆತ್ತಗೆ. ಚೆನ್ನಾಗಿದ್ದ ಕಡೆಯೂ ಅದೇ ಜೆಲ್ಲಿ, ಅದೇ ಪೊಳ್ಳು. ಆದರೆ ಅಲ್ಲಿ ಮಣ್ಣು ಒಣಗಿತ್ತು, ಮರಳು ಇಳಿದದ್ದು ತೀರಾ ಸ್ವಲ್ಪ.

ಪೊಳ್ಳು ಜೆಲ್ಲಿಯಿಂದ ನೀರು ಚೆನ್ನಾಗಿ ಇಳಿದುಹೋಗುತ್ತದಲ್ಲ, ಒಳ್ಳೆಯದೇ ಅಲ್ವಾ ಅಂತ ಅಕ್ಕ ಕೇಳಿದಳು. ಇಳಿದ ನೀರಿಗೆ ಆಚೆ ಹೋಗಲು ದಾರಿ ಇದ್ದರೆ ಒಳ್ಳೆಯದು. ಇಲ್ಲಿ ಕೆಳಗೆ ಅಂಟು ಮಣ್ಣು, ಬಲಕ್ಕೆ ಕಾಂಪೌಂಡಿನ ತಳಪಾಯ, ಮುಂದೆ ಗೇಟಿನ ಕೆಳಗಿನ ಕಾಂಕ್ರೀಟ್ ಪಟ್ಟಿ. ಜೆಲ್ಲಿ ತುಂಬಿದ ಒಂದು ತೊಟ್ಟಿ ಆಗಿತ್ತು ಅದು. ನೀರು ಆ ಸಪಾಟು ಜಾಗದ ಕೆಳಗೇ ನಿಂತು ಮಣ್ಣನ್ನು ನೆನೆಸುತ್ತಿತ್ತು. ಇಳಿಯುವಾಗ ಒಂದಿಷ್ಟು ಮರಳನ್ನೂ ಪೊಳ್ಳಿನೊಳಕ್ಕೆ ಎಳೆದುಕೊಳ್ಳುತ್ತಿತ್ತು.

ಅಂಚಿನ ಕರ್ಬ್ ಕಲ್ಲನ್ನೂ ಒಂದು ಕಡೆ ಬಿಡಿಸಿದೆವು. ಕೆಳಗೆ ಕಾಂಕ್ರೀಟ್ ಇಲ್ಲ. ಮಣ್ಣಿನ ಮೇಲೆ ಕಲ್ಲಿಟ್ಟು, ಹಿಂದೆ ಕರಣೆಯಲ್ಲಿ ಒಂದು ಪಟ್ಟಿ ಗಾರೆ ಬಳಿದಿದ್ದರು. ಅದರ ಹಿಂದೆ ಹೂವಿನ ಪಾತಿ. ಪಾತಿಯನ್ನು ಅಕ್ಕ ವರ್ಷಕ್ಕೆರಡು ಸಲ ಅಗೆದು ಗೊಬ್ಬರ ಹಾಕುತ್ತಾಳೆ, ದಿನಾ ನೀರು ಬಿಡುತ್ತಾಳೆ. ಕಲ್ಲಿಗೆ ಬೆನ್ನು ಕೊಡುವುದಕ್ಕೆ ಇದ್ದದ್ದು ಆ ಸಡಿಲ ಮಣ್ಣು ಮಾತ್ರ. ಕಾಂಪೌಂಡ್ ಗೋಡೆಯೇ ಬಲ ಅಂಚನ್ನು ಹಿಡಿದಿತ್ತು, ಅದಕ್ಕೇ ಆ ಕಡೆ ಸಂದು ಬಿಟ್ಟಿರಲಿಲ್ಲ.

ಹಾಗಾದರೆ ಮೊದಲು ಆದದ್ದು ಯಾವುದು? ನನ್ನ ತೀರ್ಮಾನ ಇದು. ಅಂಚು ಮೊದಲು ಸರಿದಿದೆ. ಸರಿದದ್ದರಿಂದ ಸಂದು ಬಿಟ್ಟಿತು. ಬಿಟ್ಟ ಸಂದಿಗೆ ಮಾಳಿಗೆ ನೀರು ನುಗ್ಗಿತು. ನೀರು ಮರಳನ್ನು ಪೊಳ್ಳು ಜೆಲ್ಲಿಗೆ ಇಳಿಸಿತು, ಮಣ್ಣನ್ನು ಮೆತ್ತಗೆ ಮಾಡಿತು. ಜೆಲ್ಲಿ ತೆಳ್ಳಗಿದ್ದ ಜಾಗ ಮೊದಲು ಸೋತಿತು. ಜೆಲ್ಲಿಯೇ ಮೊದಲ ಕಾರಣ ಆಗಿದ್ದರೆ ಬಲ ಜಾಡಿನಲ್ಲೂ ಅಲ್ಲಲ್ಲಿ ತಗ್ಗು ಕಾಣಬೇಕಿತ್ತು. ಅಲ್ಲೂ ಅದೇ ಕಳಪೆ ಜೆಲ್ಲಿ ಇದೆ, ಆದರೆ ಸಂದು ಬಿಗಿ ಇದೆ, ನೀರು ಕಡಿಮೆ. ಹಾಗಂತ ಬರೀ ಅಂಚು ಕಟ್ಟಿ ಬಿಟ್ಟರೆ ಸಾಲದು. ಒಮ್ಮೆ ಕೆಸರಾದ ತಳ ತಾನಾಗಿ ಗಟ್ಟಿಯಾಗುವುದಿಲ್ಲ.

ಮರಳು ಸುರಿದು ತಟ್ಟುವ ರಿಪೇರಿ ಯಾಕೆ ನಿಲ್ಲಲಿಲ್ಲ ಅನ್ನುವುದೂ ಈಗ ಗೊತ್ತಾಯಿತು. ಸೋರುವ ಪಾತ್ರೆಗೆ ನೀರು ತುಂಬಿದ ಹಾಗೆ. ಅದಲ್ಲದೆ ಮರಳು ದಪ್ಪ ಆದಷ್ಟೂ ಚಕ್ರದ ಕೆಳಗೆ ಅದು ಪಕ್ಕಕ್ಕೆ ಸರಿಯುವುದು ಜಾಸ್ತಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಬ್ಲಾಕ್ ಹಾಸಿನ ಮಾರ್ಗಸೂಚಿ ಐಆರ್‌ಸಿ ಎಸ್‌ಪಿ 63 ಮರಳಿನ ಹಾಸನ್ನು 20ರಿಂದ 40 ಮಿ.ಮೀ. ಒಳಗೆ ಇಡಲು ಹೇಳುವುದು ಸುಮ್ನೆ ಅಲ್ಲ. ಜೆಲ್ಲಿಯ ಏರುಪೇರನ್ನು ಜೆಲ್ಲಿಯಲ್ಲೇ ಸರಿ ಮಾಡಬೇಕು, ಮರಳಿನಲ್ಲಿ ಮುಚ್ಚಬಾರದು.

ಸರಿಪಡಿಸಿದ್ದು

ಕೆಳಗಿನ ಅರ್ಧ, ಅಂದರೆ ಗೇಟಿನಿಂದ ಒಳಕ್ಕೆ 4 ಮೀಟರ್, ಪೂರ್ತಿ ಅಗಲಕ್ಕೆ ಬಿಚ್ಚಲು ನಿರ್ಧರಿಸಿದೆವು. ತಗ್ಗಿನಷ್ಟನ್ನೇ ಬಿಚ್ಚಿ ಮಾಡಬಹುದಿತ್ತು, ಆದರೆ ವಾಟ ಬದಲಾಯಿಸದೆ ನೀರು ಅಲ್ಲೇ ನಿಲ್ಲುತ್ತಿತ್ತು. ಮೇಲಿನ ಅರ್ಧದ ಜೆಲ್ಲಿಯೂ ಪೊಳ್ಳೇ. ಆದರೆ ಅಲ್ಲಿ ವಾಟ ಚೆನ್ನಾಗಿದೆ, ಸಂದು ಬಿಗಿ ಇದೆ. ಹಣ ನೋಡಿಕೊಂಡು ಅದನ್ನು ಮುಟ್ಟಲಿಲ್ಲ. ಇದು ರಾಜಿಯೇ, ಒಪ್ಪಿಕೊಳ್ಳುತ್ತೇನೆ.

ಮೊದಲ ಕೆಲಸ ಮಾಳಿಗೆ ಪೈಪು. ಅದನ್ನು ಗೋಡೆ ಗುಂಟ ತಿರುಗಿಸಿ ಮಳೆಕೊಯ್ಲಿನ ಗುಂಡಿಗೆ ಸೇರಿಸಿದರು. ಅರ್ಧ ದಿನದ ಕೆಲಸ. ನಿಮ್ಮ ಮನೆಯಲ್ಲೂ ಮಾಳಿಗೆ ನೀರು ಬ್ಲಾಕಿನ ಮೇಲೆ ಬೀಳುತ್ತಿದ್ದರೆ ಬೇರೆ ಏನೂ ಮಾಡದಿದ್ದರೂ ಇದನ್ನು ಮಾಡಿ.

ಆಮೇಲೆ ವಾಟ. ಪೋರ್ಟಿಕೋ ಮಟ್ಟ ಬದಲಾಗದು, ಗೇಟಿನ ಪಟ್ಟಿಯ ಮಟ್ಟವೂ ಬದಲಾಗದು. ನಡುವೆ ಉಳಿದ ಇಳಿಜಾರು 4 ಮೀಟರಿಗೆ 35 ಮಿ.ಮೀ. ಮಾತ್ರ. ಅದಕ್ಕೆ ಗೇಟಿನಿಂದ ಅರ್ಧ ಮೀಟರ್ ಒಳಗೆ ಅಡ್ಡಲಾಗಿ ಜಾಲರಿ ಹಾಕಿದ ಒಂದು ಸಣ್ಣ ಕಾಲುವೆ ಕಟ್ಟಿದೆವು. ಅದರ ಜಾಲರಿಯನ್ನು ಗೇಟಿನ ಪಟ್ಟಿಗಿಂತ 40 ಮಿ.ಮೀ. ಕೆಳಗೆ ಇಟ್ಟೆವು. ಹೀಗೆ ಮೂರೂವರೆ ಮೀಟರಿಗೆ 75 ಮಿ.ಮೀ. ವಾಟ ಸಿಕ್ಕಿತು, ಮೀಟರಿಗೆ 21. ಕಾಲುವೆಯಿಂದ ಗೇಟಿಗೆ ಅರ್ಧ ಮೀಟರ್ ಸಣ್ಣ ಏರು, ಕಾರಿಗೆ ಅದು ಗೊತ್ತೇ ಆಗುವುದಿಲ್ಲ. ಕಾಲುವೆಯಿಂದ ಪಟ್ಟಿಯ ಕೆಳಗೆ 110 ಎಂ.ಎಂ. ಪೈಪ್ ಹಾಕಿ ರಸ್ತೆ ಬದಿಯ ಚರಂಡಿಗೆ ಬಿಟ್ಟೆವು. ಕಾಲುವೆ ಮಾಡುವ ಮುಂಚೆ ಆ ಚರಂಡಿಯ ತಳ ನಿಮ್ಮ ಪೈಪಿಗಿಂತ ಕೆಳಗಿದೆಯಾ ಅಂತ ಅಳೆಯಿರಿ. ಇಲ್ಲದಿದ್ದರೆ ಬೀದಿ ನೀರು ಮನೆಗೆ ಬರುತ್ತದೆ.

ಕೆಸರಾದ ಮಣ್ಣನ್ನು ಗಟ್ಟಿ ಸಿಗುವವರೆಗೆ ತೆಗೆದು, ಗ್ರಾವೆಲ್ ಮಣ್ಣು ತುಂಬಿ ದಮ್ಮಸು ಮಾಡಿದರು. ತೇವ ಸರಿ ಇದೆಯಾ ನೋಡಲು ಮಣ್ಣನ್ನು ಮುಷ್ಟಿಯಲ್ಲಿ ಹಿಂಡಬೇಕು. ಉಂಡೆ ನಿಲ್ಲಬೇಕು, ಕೈ ಒದ್ದೆಯಾಗಬಾರದು. ಅದರ ಮೇಲೆ ಜೆಲ್ಲಿ 200 ಮಿ.ಮೀ. ಈ ಸಲ ಹಳೆಯ 40 ಎಂ.ಎಂ. ಜೆಲ್ಲಿಯನ್ನು ಮಣ್ಣು ಬಿಡಿಸಿ, ಅದಕ್ಕೆ 20 ಎಂ.ಎಂ., 12 ಎಂ.ಎಂ. ಜೆಲ್ಲಿ ಮತ್ತು ಡಸ್ಟ್ ಸೇರಿಸಿ, ನೀರು ಹಾಕಿ ಕಲಸಿ ಹರಡಿದರು. ಒಂದೇ ಸಲ 200 ಹಾಕಿದರೆ ಸಣ್ಣ ಕಾಂಪ್ಯಾಕ್ಟರಿನ ಪೆಟ್ಟು ಬುಡಕ್ಕೆ ಮುಟ್ಟುವುದಿಲ್ಲ. 100–100 ಅಂತ ಎರಡು ಪದರ ಮಾಡಿದೆವು. ಜೆಲ್ಲಿಯ ಮೇಲ್ಮೈಯಲ್ಲೇ ಅಂತಿಮ ವಾಟ ಬಂದಿರಬೇಕು. ಮೂರು ಮೀಟರ್ ಪಟ್ಟಿ ಇಟ್ಟು ನೋಡಿದಾಗ 10 ಮಿ.ಮೀ.ಗಿಂತ ಜಾಸ್ತಿ ಬೆಳಕು ಕಂಡ ಕಡೆ ಮತ್ತೆ ಜೆಲ್ಲಿ ಹಾಕಿ ಹೊಡೆಸಿದೆ. ಮೇಸ್ತ್ರಿ ಗೊಣಗಿದರು, "ಮರಳಲ್ಲಿ ಹೋಗ್ತದೆ ಬಿಡಿ ಸಾರ್" ಅಂತ. ಅಭ್ಯಾಸ ಬಲ. ಅವರೇ ಬೆಳಗ್ಗೆ ಆ ಲೆಕ್ಕ ನೋಡಿದ್ದವರು!

ಅಂಚಿಗೆ 100 ಮಿ.ಮೀ. ಕಾಂಕ್ರೀಟ್ ಹಾಸಿ ಅದರ ಮೇಲೆ ಕರ್ಬ್ ಕೂರಿಸಿ, ಪಾತಿಯ ಕಡೆಯಿಂದ ಕಲ್ಲಿನ ಎತ್ತರದ ಮೂರರಲ್ಲಿ ಎರಡು ಪಾಲಿನವರೆಗೆ ಇಳಿಜಾರಾಗಿ ಕಾಂಕ್ರೀಟ್ ಒತ್ತಿದೆವು. ಈ ಬೆನ್ನಿನ ಕಾಂಕ್ರೀಟೇ ನಿಜವಾದ ಅಂಚು, ಕಲ್ಲು ಮುಖ ಮಾತ್ರ. ಮೇಲಿನ ಮೂರನೇ ಒಂದು ಭಾಗ ಮಣ್ಣು ಮುಚ್ಚುವುದರಿಂದ ಹೂವಿನ ಗಿಡಕ್ಕೂ ತೊಂದರೆ ಇಲ್ಲ. ಏಳು ದಿನ ನೀರು ಕಟ್ಟಿದ ಮೇಲೆಯೇ ಅದರ ಪಕ್ಕ ಬ್ಲಾಕ್ ಹಾಸಿದ್ದು. ಹಸಿ ಅಂಚಿನ ಪಕ್ಕ ಯಂತ್ರ ಓಡಿಸಿದರೆ ಆ ದಿನವೇ ಕಲ್ಲು ಸರಿಯುತ್ತದೆ.

ಮರಳಿನೊಳಗೆ ಇಳಿದ ನೀರಿಗೂ ದಾರಿ ಬೇಕಲ್ಲ. ಈಗ ಜೆಲ್ಲಿ ಬಿಗಿಯಾಗಿದೆ, ನೀರು ಮರಳಿನ ಹಾಸಿನಲ್ಲೇ ವಾಟ ಹಿಡಿದು ಕಾಲುವೆ ಕಡೆಗೆ ಬರುತ್ತದೆ. ಅದಕ್ಕಾಗಿ ಕಾಲುವೆಯ ಒಳಗೋಡೆಗೆ, ಜೆಲ್ಲಿಯ ಮೇಲ್ಮೈ ಮಟ್ಟದಲ್ಲಿ, ಅರ್ಧ ಮೀಟರಿಗೊಂದರಂತೆ 25 ಎಂ.ಎಂ. ಪೈಪಿನ ತುಂಡುಗಳನ್ನು ಇಟ್ಟೆವು. ಪೈಪಿನ ಬಾಯಿಗೆ ಮರಳಿನ ಕಡೆಯಿಂದ ಜಿಯೋಟೆಕ್ಸ್‌ಟೈಲ್ ಬಟ್ಟೆ. ಈ ಬಟ್ಟೆ ಮರೆತರೆ ನೀರಿನ ಜೊತೆ ಮರಳೂ ಕಾಲುವೆಗೆ ಹೋಗಿ ಮತ್ತೆ ಮೊದಲಿನ ಕಥೆ.

ಮರಳಿಗೆ ಎರಡು 30 ಎಂ.ಎಂ. ಪೈಪುಗಳನ್ನು ಹಳಿಯಂತೆ ಇಟ್ಟು, ಮೇಲೆ ಪಟ್ಟಿ ಎಳೆದು ಸಮ ಮಾಡಿ, ಪೈಪ್ ತೆಗೆದ ಗೆರೆಗೆ ಮರಳು ತುಂಬಿದರು. ಎಳೆದ ಮೇಲೆ ಅದರ ಮೇಲೆ ಯಾರೂ ಕಾಲಿಡಬಾರದು, ಹಾಸಿದ ಬ್ಲಾಕಿನ ಮೇಲೆ ನಿಂತು ಮುಂದಕ್ಕೆ ಹಾಸುತ್ತಾ ಹೋಗಬೇಕು. ಹೊಸ ಬ್ಲಾಕುಗಳನ್ನು ಹಳೆಯ ಮಟ್ಟಕ್ಕಿಂತ 5–6 ಮಿ.ಮೀ. ಎತ್ತರಕ್ಕೆ ಬಿಡಬೇಕು, ಕಾಂಪ್ಯಾಕ್ಟರ್ ಓಡಿದ ಮೇಲೆ ಸಮಕ್ಕೆ ಬರುತ್ತದೆ. ಒಂದು ಸುತ್ತು ಬರಿದೇ ಓಡಿಸಿ, ಆಮೇಲೆ ಒಣ ಸಣ್ಣ ಮರಳನ್ನು ಪೊರಕೆಯಿಂದ ಸಂದಿಗೆ ತುಂಬಿ, ಮತ್ತೆ ಓಡಿಸಿ, ಮತ್ತೆ ತುಂಬಿ. ಮೂರು ಸುತ್ತಿಗೆ ಸಂದು ತುಂಬಿತು. ಕೀಲಿಕೈ ಒತ್ತಿದರೆ ಇಳಿಯದಂತಾಗಬೇಕು. ಸಂದಿಗೆ ಸಿಮೆಂಟ್ ಬೆರೆಸಿದ ಮರಳು ಹಾಕುವವರಿದ್ದಾರೆ. ನನಗದು ಇಷ್ಟವಿಲ್ಲ. ಮೊದಲ ಬೇಸಿಗೆಗೇ ಬಿರುಕು ಬಿಡುತ್ತದೆ, ಮುಂದೆ ಬ್ಲಾಕ್ ಎತ್ತಬೇಕಾದರೆ ಒಡೆದೇ ಎತ್ತಬೇಕು.

ಒಟ್ಟು 14.4 ಚದರ ಮೀಟರಿಗೆ ಹಾಸಿನ ಮರಳು 20 ಸಿಎಫ್‌ಟಿ ಹಿಡಿಯಿತು. ಒಡೆದ ಬ್ಲಾಕು ಎರಡೇ, ಉಳಿದವನ್ನೆಲ್ಲ ತೊಳೆದು ಮತ್ತೆ ಬಳಸಿದೆವು.

ಮುಂದಿನ ಮಳೆಗಾಲ ಮುಗಿದ ಮೇಲೆ ಅದೇ ಜಾಗಕ್ಕೆ ದಾರ ಹಿಡಿದೆ. 3 ಮಿ.ಮೀ. ಸಂದಿನ ಮರಳು ಅಲ್ಲಲ್ಲಿ ಇಳಿದಿತ್ತು, ಒಂದು ಬಾಂಡ್ಲಿ ಮತ್ತೆ ಗುಡಿಸಿ ತುಂಬಿದೆ. ಕಾಲುವೆಯ ಸಣ್ಣ ಪೈಪುಗಳಿಂದ ಮಳೆ ಬಿಟ್ಟು ಗಂಟೆ ಆದರೂ ತೆಳ್ಳಗೆ ನೀರು ಬರುತ್ತಿತ್ತು, ತಿಳಿಯಾಗಿ, ಮರಳಿಲ್ಲದೆ. ಅಕ್ಕನ ಈಗಿನ ದೂರು ಬೇರೆ: ಜಾಲರಿಯಲ್ಲಿ ದಾಸವಾಳದ ಎಲೆ ಸಿಕ್ಕಿಕೊಳ್ಳುತ್ತದಂತೆ.